ನೂರು ರೂಪಾಯಿ ಟಿಕೆಟ್‌ಗೆ ನೂರ ನಲವತ್ತು ಯಾಕೆ? ಕಲಬುರಗಿಯಲ್ಲಿ ಸಿನಿಮಾ ಬುಕ್ ಮಾಡುವ ಮುಂಚೆ ನೋಡಬೇಕಾದ ಲೆಕ್ಕ

ಒಂದೇ ಊರು, ಒಂದೇ ಥಿಯೇಟರ್, ಒಂದೇ ಸಿನಿಮಾ. ಮಂಗಳವಾರ ಬೆಳಗ್ಗೆ ಒಂದು ದರ, ಶನಿವಾರ ಸಂಜೆ ಇನ್ನೊಂದು ದರ. ಹಿಂದಿನ ಸಾಲಿಗೆ ಒಂದು, ಅದರ ಮುಂದಿನ ಸಾಲಿಗೆ ಇನ್ನೊಂದು. ಇಷ್ಟೆಲ್ಲ ನೋಡಿ, ಅಗ್ಗದ್ದನ್ನೇ ಆರಿಸಿ, ಹಣ ಕಟ್ಟುವ ಪುಟಕ್ಕೆ ಹೋದರೆ ಅಲ್ಲಿ ಮೊತ್ತ ಮತ್ತೆ ಏರಿರುತ್ತದೆ. ಈ ಲೇಖನದಲ್ಲಿ ನಾಲ್ಕು ಜನರ ಒಂದು ಕುಟುಂಬದ ಬಿಲ್ ಇಟ್ಟುಕೊಂಡು, ಯಾವ ರೂಪಾಯಿ ಎಲ್ಲಿಂದ ಬಂತು, ಅದರಲ್ಲಿ ಯಾವುದನ್ನು ಉಳಿಸಬಹುದು ಅಂತ ನೋಡೋಣ.

ಮೊದಲೇ ಒಂದು ಮಾತು. ಕೆಳಗಿನ ಟಿಕೆಟ್ ದರ ಮತ್ತು ಶುಲ್ಕ ಲೆಕ್ಕ ತೋರಿಸಲು ನಾನು ಇಟ್ಟುಕೊಂಡ ಅಂಕಿಗಳು. ನಿಮ್ಮ ಥಿಯೇಟರ್‌ನಲ್ಲಿ ಅವು ಬೇರೆ ಇರುತ್ತವೆ. ತೆರಿಗೆ ದರ ಮಾತ್ರ ನಿಜವಾದದ್ದೇ.

ಮೊದಲು ಬಿಲ್ ಬಿಡಿಸಿ ನೋಡಿ

ಶನಿವಾರ ಸಂಜೆ ಆಟ, ಮಲ್ಟಿಪ್ಲೆಕ್ಸ್, ನಾಲ್ಕು ಟಿಕೆಟ್. ಒಂದು ಟಿಕೆಟ್‌ನ ಮೂಲ ದರ 180 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂಲ ದರ 100 ರೂಪಾಯಿ ದಾಟಿದ ಸಿನಿಮಾ ಟಿಕೆಟ್‌ಗೆ ಜಿಎಸ್‌ಟಿ ಶೇ 18. ಅಂದರೆ 32 ರೂಪಾಯಿ 40 ಪೈಸೆ ಸೇರಿ ಒಂದು ಟಿಕೆಟ್ 212.40 ಆಯಿತು. ನಾಲ್ಕಕ್ಕೆ 849.60. ಆ್ಯಪ್‌ನಲ್ಲಿ ಸೀಟು ಆರಿಸುವಾಗ ಸಾಮಾನ್ಯವಾಗಿ ಕಾಣುವುದು ಈ ತೆರಿಗೆ ಸೇರಿದ ದರ.

ಇದರ ಮೇಲೆ ಕನ್ವೀನಿಯನ್ಸ್ ಫೀ, ಅಂದರೆ ಆ್ಯಪ್‌ನಲ್ಲಿ ಬುಕ್ ಮಾಡಿದ್ದಕ್ಕೆ ಹಾಕುವ ಶುಲ್ಕ. ಜನ ತಪ್ಪು ತಿಳಿಯುವುದು ಇಲ್ಲೇ. ಒಂದು ಸಲ ಬುಕ್ ಮಾಡಿದರೆ ಒಂದು ಶುಲ್ಕ ಅಂದುಕೊಳ್ಳುತ್ತಾರೆ. ಹೆಚ್ಚಾಗಿ ಹಾಗಿರುವುದಿಲ್ಲ, ಅದು ಟಿಕೆಟ್‌ಗೆ ಇಷ್ಟು ಅಂತ ಇರುತ್ತದೆ. ಟಿಕೆಟ್‌ಗೆ 30 ರೂಪಾಯಿ ಆದರೆ ನಾಲ್ಕಕ್ಕೆ 120. ಈ ಶುಲ್ಕ ಒಂದು ಸೇವೆ ಆದ್ದರಿಂದ ಅದಕ್ಕೂ ಶೇ 18 ಜಿಎಸ್‌ಟಿ ಇದೆ, 21.60. ಒಟ್ಟು 141.60. ಹೀಗೆ ಬಿಲ್ 991.20ಕ್ಕೆ ಬಂತು.

ಕೊನೆಯಲ್ಲಿ ಟಿಕೆಟ್‌ಗೆ ಒಂದು ರೂಪಾಯಿಯಂತೆ ದಾನದ ಹಣ ಸೇರಿಕೊಂಡಿದ್ದರೆ 995.20. 180 ರೂಪಾಯಿ ಟಿಕೆಟ್ ನಾಲ್ಕು ತಗೊಂಡರೆ 720 ಆಗಬೇಕಿತ್ತಲ್ಲ, ಸಾವಿರ ಹೇಗಾಯಿತು ಅನ್ನುವವರಿಗೆ ಇದೇ ಉತ್ತರ.

ನಿಮ್ಮ ಫೋನಿನಲ್ಲಿ ಇದನ್ನು ನೋಡಬೇಕಾದರೆ, ಹಣ ಕಟ್ಟುವ ಪುಟದಲ್ಲಿ `Convenience Fees` ಅಂತ ಬರೆದಿರುವ ಸಾಲನ್ನು ಒತ್ತಿ. ಪಕ್ಕದಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ. ಅದು ಬಿಚ್ಚಿಕೊಂಡಾಗ ಮೂಲ ಶುಲ್ಕ ಬೇರೆ, ತೆರಿಗೆ ಬೇರೆ ಕಾಣುತ್ತದೆ. ಅಲ್ಲಿ `IGST` ಅಂತ ಇದ್ದರೆ ಗಾಬರಿ ಬೇಡ. ಶುಲ್ಕ ಪಡೆಯುವ ಕಂಪನಿ ಬೇರೆ ರಾಜ್ಯದಲ್ಲಿ ನೋಂದಣಿ ಆಗಿದ್ದರೆ ಹಾಗೆ ಬರುತ್ತದೆ, ದರ ಅದೇ ಶೇ 18.

ಈಗ ಆಟ ಬದಲಿಸಿ ನೋಡಿ

ಅದೇ ಸಿನಿಮಾ, ಅದೇ ನಾಲ್ಕು ಜನ. ಮಂಗಳವಾರ ಬೆಳಗಿನ ಆಟ, ಮೂಲ ದರ 100 ರೂಪಾಯಿ. ಇಲ್ಲಿ ಬರೀ ದರ ಇಳಿಯುವುದಿಲ್ಲ, ತೆರಿಗೆಯೂ ಇಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಮತ್ತು ಅದಕ್ಕಿಂತ ಕಡಿಮೆ ದರದ ಟಿಕೆಟ್‌ಗೆ ಜಿಎಸ್‌ಟಿ ಶೇ 5 ಮಾತ್ರ. ಮೊದಲು ಶೇ 12 ಇತ್ತು. ಹಾಗಾಗಿ ಟಿಕೆಟ್ 105 ರೂಪಾಯಿ, ನಾಲ್ಕಕ್ಕೆ 420.

ಈ ನೂರರ ಗೆರೆ ಬಹಳ ಮುಖ್ಯ. ಥಿಯೇಟರ್‌ನವರು ಮೂಲ ದರವನ್ನು 100ರಿಂದ 110ಕ್ಕೆ ಏರಿಸಿದರೆ ನಿಮ್ಮ ಕೈಯಿಂದ ಹೋಗುವುದು ಹತ್ತು ರೂಪಾಯಿ ಜಾಸ್ತಿ ಅಲ್ಲ. 105 ಇದ್ದದ್ದು 129.80 ಆಗುತ್ತದೆ. ಇಪ್ಪತ್ತೈದು ರೂಪಾಯಿ ಹತ್ತಿರ. ಯಾಕೆಂದರೆ ನೂರು ದಾಟಿದ ಮೇಲೆ ಹೆಚ್ಚಾದ ಹತ್ತಕ್ಕೆ ಮಾತ್ರ ಅಲ್ಲ, ಪೂರ್ತಿ 110ಕ್ಕೂ ಶೇ 18 ಬೀಳುತ್ತದೆ. ರಿಯಾಯಿತಿ ದಿನಗಳಲ್ಲಿ ₹99 ಅಂತ ಜಾಹೀರಾತು ನೋಡಿರುತ್ತೀರಿ, ಅಲ್ವಾ? ಕೇಳಲು ಚೆನ್ನಾಗಿರುತ್ತದೆ ಅನ್ನುವುದು ಒಂದು ಕಾರಣ. ಗೆರೆಯ ಒಳಗೇ ನಿಲ್ಲುತ್ತದೆ ಅನ್ನುವುದು ಇನ್ನೊಂದು ಲಾಭ.

ಇದರಿಂದ ಒಂದು ಸಣ್ಣ ಪರೀಕ್ಷೆಯೂ ಸಿಗುತ್ತದೆ. ತೆರಿಗೆ ಸೇರಿದ ದರ 105ರವರೆಗೆ ಇರಬಹುದು, ಇಲ್ಲವೇ 118 ದಾಟಿರಬೇಕು. ನಡುವೆ, ಅಂದರೆ 110 ಅಥವಾ 115 ಅಂತ ಕಂಡರೆ ಅದರಲ್ಲಿ ಬೇರೆ ಏನೋ ಸೇರಿದೆ, ಇಲ್ಲವೇ ಅದು ತೆರಿಗೆ ಸೇರಿಸದ ದರ. ತ್ರೀಡಿ ಕನ್ನಡಕದ ಹಣ ಹೀಗೆ ಒಳಗೆ ಕೂತಿರುವುದುಂಟು. ಅಂಥ ದರ ಕಂಡಾಗ ಬಿಲ್ ಬಿಚ್ಚಿ ನೋಡಿ.

ಮಂಗಳವಾರದ ಬಿಲ್‌ಗೆ ವಾಪಸ್ ಬರೋಣ. ಟಿಕೆಟ್ 420. ಕನ್ವೀನಿಯನ್ಸ್ ಫೀ? ಅದೇ 141.60. ಟಿಕೆಟ್ ಅಗ್ಗ ಆಯಿತು ಅಂತ ಶುಲ್ಕ ತಾನಾಗಿ ಇಳಿಯುವುದಿಲ್ಲ. ಒಟ್ಟು 561.60, ಒಬ್ಬರಿಗೆ 140.40. ಶನಿವಾರಕ್ಕಿಂತ 429.60 ಉಳಿಯಿತು, ಅದು ಒಳ್ಳೆಯದೇ. ಆದರೆ ಶನಿವಾರದ ಟಿಕೆಟ್ ಹಣಕ್ಕೆ ಶುಲ್ಕ ಆರರಲ್ಲಿ ಒಂದು ಪಾಲು ಇದ್ದದ್ದು, ಮಂಗಳವಾರ ಮೂರರಲ್ಲಿ ಒಂದು ಪಾಲು ಆಗಿಬಿಟ್ಟಿತು. ಮೂಲ ದರ 350 ಇರುವ ರಿಕ್ಲೈನರ್ ಸೀಟಿಗೆ ಇದೇ ಶುಲ್ಕ ಹಾಕಿದರೆ ಅದು ಸುಮಾರು ಹನ್ನೆರಡರಲ್ಲಿ ಒಂದು ಪಾಲು ಅಷ್ಟೇ.

ನನ್ನ ಪ್ರಕಾರ ಈ ವಿಷಯದಲ್ಲಿ ನೆನಪಿಡಬೇಕಾದದ್ದು ಇದೊಂದೇ. ಟಿಕೆಟ್ ಅಗ್ಗವಾದಷ್ಟೂ ಆ್ಯಪ್ ದುಬಾರಿ. ದುಬಾರಿ ಸೀಟಿಗೆ ಆ್ಯಪ್, ಅಗ್ಗದ ಆಟಕ್ಕೆ ಕೌಂಟರ್. ನಾವು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ.

ದಿನ ಮತ್ತು ಹೊತ್ತಿಗೆ ದರ ಯಾಕೆ ಬದಲಾಗುತ್ತದೆ

ಥಿಯೇಟರ್‌ನವರಿಗೆ ಎಸಿ, ಕರೆಂಟು, ಸಿಬ್ಬಂದಿ ಸಂಬಳ ಎಲ್ಲ ಹತ್ತು ಜನ ಬಂದರೂ ಅಷ್ಟೇ, ಇನ್ನೂರು ಜನ ಬಂದರೂ ಹೆಚ್ಚು ಕಡಿಮೆ ಅಷ್ಟೇ. ಆಟ ಶುರುವಾದ ಮೇಲೆ ಖಾಲಿ ಉಳಿದ ಸೀಟನ್ನು ನಾಳೆ ಮಾರಲಾಗುವುದಿಲ್ಲ. ಹಾಗಾಗಿ ಜನ ಹೇಗಿದ್ದರೂ ಬರುವ ಹೊತ್ತಿಗೆ ದರ ಏರಿಸುತ್ತಾರೆ, ಬಾರದ ಹೊತ್ತಿಗೆ ಇಳಿಸುತ್ತಾರೆ.

ಇದರ ಹಿಂದೆ ಹಂಚಿಕೆದಾರರ ಲೆಕ್ಕವೂ ಇದೆ. ಮಲ್ಟಿಪ್ಲೆಕ್ಸ್‌ಗಳು ತೆರಿಗೆ ಕಳೆದು ಉಳಿದ ಟಿಕೆಟ್ ಹಣವನ್ನು ಹಂಚಿಕೆದಾರರ ಜೊತೆ ಪಾಲು ಮಾಡಿಕೊಳ್ಳುತ್ತವೆ. ಹಿಂದಿ ಸಿನಿಮಾಗಳಿಗೆ 2009ರಲ್ಲಿ ಆದ ಒಪ್ಪಂದದ ಮಾದರಿಯಲ್ಲಿ ಹಂಚಿಕೆದಾರರಿಗೆ ಮೊದಲ ವಾರ ಶೇ 50, ಎರಡನೇ ವಾರ ಶೇ 42.5, ಮೂರನೇ ವಾರ ಶೇ 37.5, ಆಮೇಲೆ ಶೇ 30. ಅಂದರೆ ನಮ್ಮ 180 ರೂಪಾಯಿಯಲ್ಲಿ ಮೊದಲ ವಾರ ಥಿಯೇಟರ್‌ಗೆ ಉಳಿಯುವುದು 90. ಪಾಪ್‌ಕಾರ್ನ್ ಹಣದಲ್ಲಿ ಮಾತ್ರ ಹಂಚಿಕೆದಾರರಿಗೆ ಪಾಲಿಲ್ಲ. ಅದಕ್ಕೇ ವಾರದ ದಿನ ಟಿಕೆಟ್ ಅಗ್ಗಕ್ಕೆ ಕೊಟ್ಟಾದರೂ ಜನರನ್ನು ಒಳಗೆ ಕರೆಯುವುದು ಅವರಿಗೆ ಗಿಟ್ಟುತ್ತದೆ. ನಮ್ಮ ಕಡೆಯ ಹಲವು ಹಳೆಯ ಟಾಕೀಸುಗಳ ವ್ಯವಹಾರ ಬೇರೆ. ಅವು ವಾರಕ್ಕಿಷ್ಟು ಬಾಡಿಗೆ ಅಂತ ನಡೆಯುತ್ತವೆ. ಅಲ್ಲಿ ಸೋಮವಾರಕ್ಕೂ ಭಾನುವಾರಕ್ಕೂ ಹೆಚ್ಚಾಗಿ ಒಂದೇ ದರ.

ಆಟ ಆರಿಸುವಾಗ ಹೀಗೆ ಮಾಡಿ. ಆ್ಯಪ್‌ನಲ್ಲಿ ಬರೀ ನಿಮಗೆ ಬೇಕಾದ ದಿನ ನೋಡಿ ಬಿಡಬೇಡಿ. ಹಿಂದಿನ ಒಂದು ದಿನ, ಮುಂದಿನ ಎರಡು ದಿನ ತೆರೆದು ದರ ಹೋಲಿಸಿ. ಶುಕ್ರವಾರವನ್ನು ಹಲವು ಮಲ್ಟಿಪ್ಲೆಕ್ಸ್‌ಗಳು ವಾರಾಂತ್ಯ ಅಂತಲೇ ಲೆಕ್ಕ ಹಾಕುತ್ತವೆ. ಹಾಗಾಗಿ ಶುಕ್ರವಾರ ಸಂಜೆಗೂ ಗುರುವಾರ ಸಂಜೆಗೂ ದೊಡ್ಡ ವ್ಯತ್ಯಾಸ ಇರಬಹುದು. ಸರ್ಕಾರಿ ರಜೆ ಬುಧವಾರ ಬಂದರೂ ಅವತ್ತು ವಾರಾಂತ್ಯದ ದರವೇ ಬೀಳಬಹುದು. ಬೆಳಗಿನ ಆಟ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ.

ನಮ್ಮ ಕಡೆ ಇನ್ನೊಂದು ವಿಶೇಷ ಇದೆ. ಬೇಸಿಗೆಯಲ್ಲಿ, ಏಪ್ರಿಲ್–ಮೇ ತಿಂಗಳಲ್ಲಿ, ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಇರುತ್ತವೆ. ಶಾಲೆಗಳಿಗೂ ರಜೆ. ಹೊರಗೆ ಆ ಬಿಸಿಲು, ಒಳಗೆ ಎಸಿ. ಬೇರೆ ಊರಿನಲ್ಲಿ ಖಾಲಿ ಹೊಡೆಯುವ ವಾರದ ದಿನದ ಮ್ಯಾಟಿನಿ ಇಲ್ಲಿ ತುಂಬಲು ಇಷ್ಟು ಸಾಕು. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಆಟ ಅಗ್ಗ ಸಿಗುತ್ತದೆ, ಹೋದಾಗ ತಗೊಂಡರಾಯಿತು ಅಂತ ಸುಮ್ನೆ ಕೂರಬೇಡಿ, ದರ ಮತ್ತು ಸೀಟು ಎರಡನ್ನೂ ಮೊದಲೇ ನೋಡಿ.

ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಬರುವವರು ವಾಪಸ್ ಬಸ್ಸಿನ ಹೊತ್ತನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಟಿಕೆಟ್‌ನಲ್ಲಿ ಉಳಿದ ಹಣ ರಾತ್ರಿ ಗಾಡಿ ಬಾಡಿಗೆಗೆ ಹೋದರೆ ಏನು ಉಪಯೋಗ?

ಇನ್ನು ದರಕ್ಕೆ ಮಿತಿ ಇಲ್ಲವಾ ಅಂತ ಕೇಳುವವರಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು ಗರಿಷ್ಠ 200 ರೂಪಾಯಿ ಅಂತ ನಿಯಮ ತಂದಿತ್ತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಪರದೆಗಳಿಗೆ ವಿನಾಯಿತಿ ಇತ್ತು. ಮಲ್ಟಿಪ್ಲೆಕ್ಸ್‌ನವರು ಹೈಕೋರ್ಟಿಗೆ ಹೋದರು, ಅದೇ ತಿಂಗಳು ಕೋರ್ಟು ನಿಯಮಕ್ಕೆ ಮಧ್ಯಂತರ ತಡೆ ಕೊಟ್ಟಿತು. ಆಗ ಬಂದ ವಾಟ್ಸ್‌ಆ್ಯಪ್ ಮೆಸೇಜ್ ಹಿಡಿದುಕೊಂಡು ಕೌಂಟರ್‌ನಲ್ಲಿ ಜಗಳ ಆಡಿದರೆ ಪ್ರಯೋಜನ ಇಲ್ಲ.

ಸೀಟು: ಗೆರೆ ಎಲ್ಲಿ ಬಿದ್ದಿದೆ ನೋಡಿ

ಜಾತ್ರೆಗೆ ಬಂದು ಟೆಂಟ್ ಹಾಕುವ ನಾಟಕ ಕಂಪನಿಯಲ್ಲಿ ಮುಂದಿನ ಕುರ್ಚಿಗೇ ದರ ಜಾಸ್ತಿ. ಕಲಾವಿದರ ಮುಖ ಕಾಣಬೇಕು, ಮಾತು ಕೇಳಬೇಕು. ಸಿನಿಮಾದಲ್ಲಿ ಇದು ಉಲ್ಟಾ. ಪರದೆ ದೊಡ್ಡದು, ಹತ್ತಿರ ಕೂತರೆ ಕತ್ತು ಎತ್ತಿ ನೋಡಬೇಕು. ಹಾಗಾಗಿ ಮುಂದಿನ ಗಾಂಧಿ ಕ್ಲಾಸ್ ಅಗ್ಗ, ಹಿಂದಿನ ಬಾಲ್ಕನಿ ದುಬಾರಿ. ಮಲ್ಟಿಪ್ಲೆಕ್ಸ್‌ನಲ್ಲಿ ಹೆಸರು ಬೇರೆ, ಲೆಕ್ಕ ಅದೇ.

ಆದರೆ ಚೆನ್ನಾಗಿ ಕಾಣುವುದು ಮೆಲ್ಲಗೆ ಹೆಚ್ಚುತ್ತದೆ, ದರ ಮಾತ್ರ ಒಂದು ಗೆರೆಯಲ್ಲಿ ಹಾರುತ್ತದೆ. ಎ ಸಾಲಿನಿಂದ ಡಿ ಸಾಲಿನವರೆಗೆ ದುಬಾರಿ ದರ್ಜೆ, ಇ ಸಾಲಿನಿಂದ ಮುಂದೆ ಕಡಿಮೆ ದರ್ಜೆ ಅಂತಿದ್ದರೆ, ಡಿ ಮತ್ತು ಇ ಸಾಲುಗಳ ನಡುವೆ ಇರುವುದು ಒಂದು ಮೆಟ್ಟಿಲು ಅಷ್ಟೇ. ಕುರ್ಚಿಯೇ ಬೇರೆ ಥರ ಇದ್ದರೆ ಜಾಸ್ತಿ ಹಣಕ್ಕೆ ಅರ್ಥ ಇದೆ. ಕುರ್ಚಿ ಅದೇ ಆಗಿದ್ದರೆ ಇ ಸಾಲಿನ ಮಧ್ಯದ ಸೀಟು ಹಿಡಿಯಿರಿ. ಆಡಿಯೋ ಸರಿಯಾಗಿ ಕೇಳುವುದೂ ಪರದೆಯಿಂದ ಮೂರನೇ ಎರಡರಷ್ಟು ದೂರದಲ್ಲಿ, ಮಧ್ಯಭಾಗದಲ್ಲಿ. ತೀರಾ ಕೊನೆಯ ಸಾಲಿನ ಮೂಲೆಗೆ ಜಾಸ್ತಿ ಕೊಟ್ಟು ಕೂರುವುದು ನನಗಂತೂ ಅರ್ಥವಾಗುವುದಿಲ್ಲ.

ಸೀಟಿನ ನಕ್ಷೆಯಲ್ಲಿ ಪರದೆ ಎಲ್ಲಿದೆ ಅಂತ ಮೊದಲು ಹುಡುಕಿ. ಕೆಲವು ಆ್ಯಪ್‌ಗಳಲ್ಲಿ ಅದು ಕೆಳಗೆ ಇರುತ್ತದೆ, ಕೆಲವಲ್ಲಿ ಮೇಲೆ. ಅದನ್ನು ನೋಡದೆ ಕೊನೆಯ ಸಾಲು ಅಂದುಕೊಂಡು ಮೊದಲ ಸಾಲು ಬುಕ್ ಮಾಡುವವರು ಬಹಳ. ದರವೇ ಸುಳಿವು ಕೊಡುತ್ತದೆ. ಕೊನೆಯ ಸಾಲು ಎಲ್ಲಕ್ಕಿಂತ ಅಗ್ಗ ಅಂತ ಕಂಡರೆ ನೀವು ನಕ್ಷೆಯನ್ನು ತಲೆಕೆಳಗಾಗಿ ಓದುತ್ತಿದ್ದೀರಿ.

ಶುಲ್ಕ ಎಲ್ಲಿ ತಪ್ಪಿಸಬಹುದು, ಎಲ್ಲಿ ಆಗುವುದಿಲ್ಲ

ಯುಪಿಐನಲ್ಲಿ ಕಟ್ಟಿದರೆ ಶುಲ್ಕ ಕಡಿಮೆ ಆಗಬಹುದು ಅಂತ ಹಲವರು ಅಂದುಕೊಂಡಿದ್ದಾರೆ. ಆಗುವುದಿಲ್ಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿಯಿಂದ ಬ್ಯಾಂಕು ಕಮಿಷನ್ ಹಿಡಿಯುವುದಿಲ್ಲ. ಆದರೂ ಕನ್ವೀನಿಯನ್ಸ್ ಫೀ ಅಷ್ಟೇ ಇದೆ. ಅಂದರೆ ಅದು ಹಣ ಕಟ್ಟಿಸಿಕೊಳ್ಳುವ ಖರ್ಚಲ್ಲ, ಆ್ಯಪ್ ನಡೆಸುವವರ ದುಡಿಮೆ. ಕೌಂಟರ್‌ನಲ್ಲಿ ಕೇಳಿದರೆ "ಅದು ನಮಗ ಬರಂಗಿಲ್ರಿ, ಆ್ಯಪಿನವರದು" ಅನ್ನುತ್ತಾರೆ. ಕಿಟಕಿಯಲ್ಲಿ ಕೂತವರಿಗೆ ಬರುವುದಿಲ್ಲ ನಿಜ. ಆದರೆ ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಗಳ ಲೆಕ್ಕಪತ್ರದಲ್ಲಿ ಕನ್ವೀನಿಯನ್ಸ್ ಫೀ ಒಂದು ಬೇರೆ ಆದಾಯವಾಗಿಯೇ ಕಾಣುತ್ತದೆ.

ಶುಲ್ಕ ಪೂರ್ತಿ ತಪ್ಪುವುದು ಕೌಂಟರ್‌ನಲ್ಲಿ. ಮಂಗಳವಾರದ ನಮ್ಮ ನಾಲ್ಕು ಟಿಕೆಟ್ ಅಲ್ಲಿ 420ಕ್ಕೇ ಸಿಗುತ್ತವೆ. ಮಲ್ಟಿಪ್ಲೆಕ್ಸ್ ಕೌಂಟರ್‌ನಲ್ಲಿ ಅವತ್ತಿನ ಆಟ ಮಾತ್ರ ಅಲ್ಲ, ಬುಕಿಂಗ್ ತೆರೆದಿರುವ ಮುಂದಿನ ದಿನಗಳ ಟಿಕೆಟ್ ಕೂಡ ಕೇಳಬಹುದು. ಸೂಪರ್ ಮಾರ್ಕೆಟ್ ಕಡೆಗೋ ಮಾಲ್‌ಗೋ ಬೇರೆ ಕೆಲಸಕ್ಕೆ ಹೋದಾಗ ತಗೊಂಡರೆ 141.60 ಉಳಿಯಿತು. ಟಿಕೆಟ್‌ಗಾಗಿಯೇ ಆಟೋ ಮಾಡಿಕೊಂಡು ಹೋಗಿ ಬಂದರೆ ಉಳಿಯುವುದೇನಿಲ್ಲ. ಹೊರಡುವ ಮುಂಚೆ ಆ್ಯಪ್‌ನಲ್ಲಿ ಸೀಟಿನ ನಕ್ಷೆ ತೆರೆದು ನೋಡಿ. ಅರ್ಧ ಖಾಲಿ ಇದ್ದರೆ ನೇರ ಕೌಂಟರ್‌ಗೆ ಹೋಗಿ. ಹೊಸ ಸಿನಿಮಾದ ಮೊದಲ ಭಾನುವಾರ ಸಂಜೆ ಬೇಗ ತುಂಬುತ್ತಿದ್ದರೆ ಶುಲ್ಕ ಕೊಟ್ಟುಬಿಡಿ. ಮಕ್ಕಳನ್ನು ಕರೆದುಕೊಂಡು ಹೋಗಿ ಟಿಕೆಟ್ ಸಿಗದೆ ವಾಪಸ್ ಬರುವುದು 141 ರೂಪಾಯಿಗಿಂತ ದುಬಾರಿ.

ಕೌಂಟರ್‌ಗೆ ಹೋಗಲು ಆಗದಿದ್ದರೆ ಎರಡು ಆ್ಯಪ್ ಹೋಲಿಸಿ. ಥಿಯೇಟರ್ ಕಂಪನಿಯ ಸ್ವಂತ ಆ್ಯಪ್ ಇದ್ದರೆ ಅಲ್ಲಿಯೂ ನೋಡಿ. ಅಲ್ಲಿ ಶುಲ್ಕವೇ ಇಲ್ಲ ಅಂದುಕೊಳ್ಳಬೇಡಿ, ಆದರೆ ಮೊತ್ತ ಬೇರೆ ಇರಬಹುದು. ಹೋಲಿಸುವಾಗ ಒಂದು ಎಚ್ಚರಿಕೆ. ಒಂದು ಆ್ಯಪ್‌ನಲ್ಲಿ ಹಣ ಕಟ್ಟುವ ಪುಟದವರೆಗೆ ಹೋದರೆ ಆ ಸೀಟುಗಳು ಕೆಲವು ನಿಮಿಷ ನಿಮ್ಮ ಹೆಸರಿನಲ್ಲಿ ಹಿಡಿದಿಡಲ್ಪಡುತ್ತವೆ. ಆಗಲೇ ಎರಡನೇ ಆ್ಯಪ್ ತೆರೆದರೆ ಅವೇ ಸೀಟು ಮಾರಾಟವಾದಂತೆ ಕಾಣುತ್ತವೆ. ಅಯ್ಯೋ ಯಾರೋ ತಗೊಂಡರು ಅಂತ ಅವಸರ ಮಾಡಬೇಡಿ, ತಗೊಂಡವರು ನೀವೇ! ಬೆಲೆ ನೋಡಲು ಎರಡನೇ ಆ್ಯಪ್‌ನಲ್ಲಿ ಅದೇ ದರ್ಜೆಯ ಬೇರೆ ಸೀಟು ಒತ್ತಿ.

ಒಂದಕ್ಕೆ ಒಂದು ಫ್ರೀ ಅನ್ನುವ ಕಾರ್ಡ್ ಆಫರ್‌ಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಮಾತ್ರ ಫ್ರೀ, ಶುಲ್ಕ ಎರಡಕ್ಕೂ ಬೀಳುತ್ತದೆ. ₹99 ಆಫರ್ ಕೂಡ ಹಾಗೆಯೇ. ಜಾಹೀರಾತಿನ ಕೆಳಗಿನ ಸಣ್ಣ ಅಕ್ಷರದಲ್ಲಿ ಶುಲ್ಕ ಬೇರೆ ಅಂತ ಬರೆದಿರುತ್ತದೆ. ರದ್ದು ಮಾಡಿದರೂ ಅಷ್ಟೇ. ಆಟಕ್ಕೆ ಇಷ್ಟು ಗಂಟೆ ಮುಂಚೆ ರದ್ದು ಮಾಡಿದರೆ ಟಿಕೆಟ್ ಹಣದ ಒಂದು ಭಾಗ ವಾಪಸ್ ಬರುತ್ತದೆ, ಶುಲ್ಕ ಸಾಮಾನ್ಯವಾಗಿ ಬರುವುದಿಲ್ಲ. ಎಷ್ಟು ಜನ ಅಂತ ಖಾತ್ರಿ ಆಗುವ ಮೊದಲೇ ಆರು ಟಿಕೆಟ್ ಬುಕ್ ಮಾಡಿ ಎರಡು ಬಿಡುವ ಅಭ್ಯಾಸ ಇದ್ದರೆ ಆ ಎರಡರ ಶುಲ್ಕ ಹೋಯಿತು ಅಂತಲೇ ತಿಳಿಯಿರಿ.

ಹೈದರಾಬಾದ್ ಕಾರ್ಯಕ್ರಮಗಳಿಗೆ ಹೋಗುವವರಿಗೆ

ಸಂಗೀತ ಕಾರ್ಯಕ್ರಮ, ಹಾಸ್ಯ ಕಾರ್ಯಕ್ರಮ ಅಂತ ಬೀದರ್, ಕಲಬುರಗಿಯಿಂದ ಹೈದರಾಬಾದ್‌ಗೆ ಹೋಗುವವರಿಗೆ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಗೆರೆ ನೂರಲ್ಲ, ಐನೂರು. ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮದ ಟಿಕೆಟ್ ಒಬ್ಬರಿಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ನಮ್ಮ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಡೆಯುವ 200 ರೂಪಾಯಿ ನಾಟಕಕ್ಕೆ ತೆರಿಗೆ ಸೊನ್ನೆ. 500 ದಾಟಿದರೆ ಪೂರ್ತಿ ದರಕ್ಕೆ ಶೇ 18. ಐಪಿಎಲ್ ಪಂದ್ಯಕ್ಕೆ ಮಾತ್ರ 2025ರ ಸೆಪ್ಟೆಂಬರ್ 22ರಿಂದ ಶೇ 40. ಉಪ್ಪಲ್ ಸ್ಟೇಡಿಯಂನಲ್ಲಿ ಮೂಲ ದರ 1,000 ಅಂದರೆ ಕೈಯಿಂದ 1,400.

ಶುಲ್ಕ ಕೂಡ ಟಿಕೆಟ್‌ಗೆ ಇಷ್ಟು ರೂಪಾಯಿ ಅನ್ನುವ ಬದಲು ಟಿಕೆಟ್ ದರದ ಶೇಕಡಾ ಇಷ್ಟು ಅಂತ ಇರಬಹುದು. 1,500 ರೂಪಾಯಿಯ ಎರಡು ಟಿಕೆಟ್, ಶುಲ್ಕ ಶೇ 10 ಅಂತ ಇಟ್ಟುಕೊಳ್ಳಿ. ಟಿಕೆಟ್ 3,000, ಅದರ ತೆರಿಗೆ 540, ಶುಲ್ಕ 300, ಶುಲ್ಕದ ತೆರಿಗೆ 54. ಒಟ್ಟು 3,894. ಸಿನಿಮಾದ ಹಾಗೆ ತೆರಿಗೆ ಸೇರಿಸಿ ತೋರಿಸುತ್ತಾರೆ ಅಂತ ಇಲ್ಲಿ ನಂಬಬೇಡಿ. ಪೋಸ್ಟರಿನಲ್ಲಿ ಕಾಣುವ 1,500 ಹಲವು ಸಲ ತೆರಿಗೆಗೆ ಮುಂಚಿನದ್ದು. ಇಲ್ಲಿ ದರ ಬದಲಾಗುವುದು ಹಂತ ಹಂತವಾಗಿ. ಮೊದಲ ಕಂತಿನ ಟಿಕೆಟ್ ಮುಗಿದ ಕೂಡಲೇ ಅದೇ ಜಾಗಕ್ಕೆ ಮುಂದಿನ ಕಂತಿನ ಹೆಚ್ಚಿನ ದರ. ಬೇಗ ಕೊಂಡರೆ ಅಗ್ಗ ನಿಜ, ಆದರೆ ಇಂಥ ಟಿಕೆಟ್ ಬಹುತೇಕ ರದ್ದು ಮಾಡಲು ಬರುವುದಿಲ್ಲ. ರಜೆ ಖಾತ್ರಿ ಇಲ್ಲದವರು ಕಾಯುವುದೇ ಮೇಲು.

ಹಣ ಕಟ್ಟುವ ಮುಂಚೆ, ಕಟ್ಟಿದ ಮೇಲೆ

ಕೊನೆಯ ಪುಟದಲ್ಲಿ ಮೂರು ಸಾಲು ಹುಡುಕಿ: ದಾನ, ತಿಂಡಿ, ವಿಮೆಯಂಥ ಹೆಚ್ಚುವರಿ. ನೀವು ಒತ್ತದೇ ಅವು ಸೇರಿಕೊಂಡಿದ್ದರೆ ತೆಗೆಯುವ ಗುಂಡಿ ಪಕ್ಕದಲ್ಲೇ ಸಣ್ಣದಾಗಿ ಇರುತ್ತದೆ. ದಾನ ಕೊಡಬೇಡಿ ಅನ್ನುತ್ತಿಲ್ಲ, ಕೇಳಿ ತಗೊಳ್ಳಲಿ ಅಷ್ಟೇ. ಕಾನೂನೂ ಇದನ್ನೇ ಹೇಳುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ವ್ಯಾಪಾರದ 13 ವಂಚನೆಯ ತಂತ್ರಗಳ ಪಟ್ಟಿ ಇದೆ. ಗ್ರಾಹಕರ ಒಪ್ಪಿಗೆ ಇಲ್ಲದೆ ಬಿಲ್‌ಗೆ ದಾನದ ಹಣ ಅಥವಾ ಬೇರೆ ಸೇವೆ ಸೇರಿಸುವುದು ಅದರಲ್ಲಿ ಒಂದು. ಮೊದಲು ಕಡಿಮೆ ದರ ತೋರಿಸಿ ಕೊನೆಗೆ ಏರಿಸುವುದು ಇನ್ನೊಂದು.

ದೂರು ಕೊಡುವುದಾದರೆ ಈ ಎರಡು ವಿಷಯ ಹಿಡಿಯಿರಿ. ಶುಲ್ಕ ಪಡೆಯುವುದೇ ತಪ್ಪು ಅಂತ ವಾದಿಸಿದರೆ ನಿಲ್ಲುವುದು ಕಷ್ಟ. ಮಹಾರಾಷ್ಟ್ರ ಸರ್ಕಾರ ಇಂಥ ಶುಲ್ಕವನ್ನೇ ನಿಷೇಧಿಸಿ 2013 ಮತ್ತು 2014ರಲ್ಲಿ ಹೊರಡಿಸಿದ್ದ ಆದೇಶಗಳನ್ನು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ರದ್ದು ಮಾಡಿದೆ. ಆದರೆ ಮುಚ್ಚಿಟ್ಟದ್ದು, ಕೇಳದೆ ಸೇರಿಸಿದ್ದು ಬೇರೆ ಮಾತು. ಇದಕ್ಕೆ ಎರಡು ಸ್ಕ್ರೀನ್‌ಶಾಟ್ ಸಾಕು. ಸೀಟು ಆರಿಸುವಾಗ ಕಂಡ ದರದ್ದು ಒಂದು, ಹಣ ಕಟ್ಟುವ ಪುಟದಲ್ಲಿ ಶುಲ್ಕ ಬಿಚ್ಚಿದಾಗ ಕಂಡದ್ದು ಇನ್ನೊಂದು. ಹಣ ಕಟ್ಟಿದ ಮೇಲೆ ಮೊದಲ ಪುಟಕ್ಕೆ ವಾಪಸ್ ಹೋಗಲು ಆಗುವುದಿಲ್ಲ, ಆದ್ದರಿಂದ ಅನುಮಾನ ಬಂದಾಗಲೇ ತೆಗೆದುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕರೆ ಮಾಡುವಾಗ ಬುಕಿಂಗ್ ನಂಬರ್ ಮತ್ತು ಹಣ ಕಡಿತವಾದ ಮೆಸೇಜ್ ಕೈಯಲ್ಲಿರಲಿ.